ಮೂರು ಲಕ್ಷ ಷೇರು, ಎಪ್ಪತ್ತೈದು ತುಂಡು

2020ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೈಕ್ರೊಸ್ಟ್ರಾಟಜಿ ಕಂಪನಿ 16,796 ಬಿಟ್‌ಕಾಯಿನ್ ಕೊಂಡದ್ದಾಗಿ ಪ್ರಕಟಿಸಿತು. ತೆತ್ತ ಹಣ ಸುಮಾರು 17.5 ಕೋಟಿ ಡಾಲರ್. ಕೊಂಡ ಬಗೆಯನ್ನು ಕಂಪನಿಯ ಮುಖ್ಯಸ್ಥ ಮೈಕೆಲ್ ಸೇಲರ್ ಮುಚ್ಚಿಡಲಿಲ್ಲ. 74 ಗಂಟೆ ಎಡೆಬಿಡದೆ, ಮೂರು ಸೆಕೆಂಡಿಗೊಂದರಂತೆ, 88,617 ಸಣ್ಣ ಖರೀದಿಗಳು ನಡೆದಿದ್ದವು. ಒಂದೊಂದರಲ್ಲೂ ಸರಾಸರಿ 0.19 ಬಿಟ್‌ಕಾಯಿನ್.

ದುಡ್ಡು ಕೈಯಲ್ಲಿದ್ದರೂ ಒಂದೇ ಸಲ ಕೊಳ್ಳಲಿಲ್ಲ ಏಕೆ? ಯಾವ ವಿನಿಮಯ ಕೇಂದ್ರದಲ್ಲಾದರೂ ಒಂದು ಕ್ಷಣದಲ್ಲಿ ಮಾರಾಟಕ್ಕಿರುವ ಸರಕು ಬಹಳ ಕಡಿಮೆ. ಪರದೆಯಲ್ಲಿ ಷೇರಿನ ಬೆಲೆ 800 ರೂಪಾಯಿ ಎಂದು ಕಂಡರೆ, ಆ ಬೆಲೆಗೆ ಕೊಡಲು ಸಿದ್ಧರಿರುವುದು ಕೆಲವೇ ನೂರು ಷೇರುಗಳಿರಬಹುದು. ಅವು ಮುಗಿದ ಮೇಲೆ 800.20ಕ್ಕೆ ಕೊಡುವವರು, ಆಮೇಲೆ 800.50ಕ್ಕೆ ಕೊಡುವವರು, ಹೀಗೆ ಮೇಲೆ ಹೋಗುವ ಸಾಲು ಅದು. ದೊಡ್ಡ ಆರ್ಡರ್ ಆ ಸಾಲನ್ನು ಒಂದೊಂದೇ ಮೆಟ್ಟಿಲಾಗಿ ತಿಂದುಹಾಕುತ್ತ ತನ್ನ ಬೆಲೆಯನ್ನು ತಾನೇ ಏರಿಸಿಕೊಳ್ಳುತ್ತದೆ. ಯಶವಂತಪುರದ ಮಂಡಿಗೆ ಬಂದವನೊಬ್ಬ ಅಂದಿನ ಈರುಳ್ಳಿಯೆಲ್ಲ ತನಗೇ ಬೇಕೆಂದು ಬಾಯಿಬಿಟ್ಟರೆ ಏನಾಗುತ್ತದೋ ಇಲ್ಲಿಯೂ ಅದೇ. ಆದ್ದರಿಂದ ಮ್ಯೂಚುವಲ್ ಫಂಡ್, ವಿಮಾ ಕಂಪನಿ, ಪಿಂಚಣಿ ನಿಧಿಗಳ ಡೀಲರ್‌ಗಳು ಆರ್ಡರನ್ನು ಚೂರು ಮಾಡಿ, ವೇಳಾಪಟ್ಟಿಯೊಂದನ್ನು ಹಾಕಿ, ಸಾಫ್ಟ್‌ವೇರ್‌ನ ಕೈಗೆ ಕೊಡುತ್ತಾರೆ.

ವೇಳಾಪಟ್ಟಿಯಲ್ಲಿ ಎರಡು ಮುಖ್ಯ ಬಗೆ. ಗಡಿಯಾರವನ್ನಷ್ಟೇ ನೋಡುವುದು ಟೀವ್ಯಾಪ್, ಅಂದರೆ ಕಾಲಕ್ಕೆ ತಕ್ಕ ಸರಾಸರಿ ಬೆಲೆ. ಮಾರುಕಟ್ಟೆಯ ವಹಿವಾಟಿನ ಪ್ರಮಾಣವನ್ನು ನೋಡುವುದು ವೀವ್ಯಾಪ್, ಅಂದರೆ ಪ್ರಮಾಣಕ್ಕೆ ತಕ್ಕ ಸರಾಸರಿ ಬೆಲೆ. 800 ರೂಪಾಯಿಗೆ 100 ಷೇರು, 810ಕ್ಕೆ 900 ಷೇರು ಕೈಬದಲಾಯಿಸಿದವು ಎನ್ನಿ. ಎರಡು ಬೆಲೆಗಳ ಸಾದಾ ಸರಾಸರಿ 805. ಆದರೆ ಹೆಚ್ಚಿನ ಷೇರುಗಳು ಮಾರಾಟವಾದದ್ದು 810ಕ್ಕೆ. ಆ ತೂಕವನ್ನು ಲೆಕ್ಕಕ್ಕೆ ಸೇರಿಸಿದರೆ ಬರುವ 809 ರೂಪಾಯಿಯೇ ವೀವ್ಯಾಪ್. ಎರಡೂ ಹೆಸರುಗಳಿಗೆ ಎರಡೆರಡು ಅರ್ಥ ಇರುವುದನ್ನು ನೆನಪಿಡಬೇಕು. ಅದು ಆರ್ಡರನ್ನು ಚೂರು ಮಾಡುವ ವಿಧಾನವೂ ಹೌದು, ಕೆಲಸ ಮುಗಿದ ಮೇಲೆ ಫಲಿತಾಂಶವನ್ನು ಅಳೆಯುವ ಕೋಲೂ ಹೌದು. ಮುಂದೆ ಬರುವ ತೊಡಕಿನ ಬೇರು ಇಲ್ಲಿದೆ.

ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ಊಹೆಯ ಒಂದು ಫಂಡ್, ಊಹೆಯ ಒಂದು ಷೇರು. ದಿನಕ್ಕೆ ಸರಾಸರಿ 20 ಲಕ್ಷ ಷೇರುಗಳ ವಹಿವಾಟು. ಫಂಡ್‌ಗೆ ಬೇಕಾದದ್ದು 3 ಲಕ್ಷ, ಅಂದರೆ ದಿನದ ವಹಿವಾಟಿನ ಶೇ 15ರಷ್ಟು. ಎನ್‌ಎಸ್‌ಇಯ ವಹಿವಾಟು ಬೆಳಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ, ಒಟ್ಟು 375 ನಿಮಿಷ. ಅದನ್ನು ಐದೈದು ನಿಮಿಷದ 75 ಭಾಗ ಮಾಡಿದರೆ ಟೀವ್ಯಾಪ್‌ನ ಪಾಲು ಸರಳ: ಪ್ರತಿ ಭಾಗದಲ್ಲೂ 4,000 ಷೇರು.

ಆ 4,000 ಕೂಡ ಒಂದೇ ಏಟಿಗೆ ಹೋಗುವುದಿಲ್ಲ. ಸಾಫ್ಟ್‌ವೇರ್ ಮೊದಲು ಕೊಳ್ಳುವವರ ಸಾಲಿನಲ್ಲಿ ತಾನೂ ನಿಂತು, ತುಸು ಕಡಿಮೆ ಬೆಲೆಗೆ ಲಿಮಿಟ್ ಆರ್ಡರ್ ಇಟ್ಟು ಕಾಯುತ್ತದೆ. ಯಾರಾದರೂ ಬಂದು ಮಾರಿದರೆ ಕೆಲವು ಪೈಸೆ ಉಳಿಯಿತು. ಐದು ನಿಮಿಷ ಮುಗಿಯುತ್ತ ಬಂದರೂ ಸಿಗದೆ ಉಳಿದ ಷೇರುಗಳನ್ನು ಮಾರುವವರು ಕೇಳಿದ ಬೆಲೆ ಕೊಟ್ಟು ಎತ್ತಿಕೊಳ್ಳುತ್ತದೆ. ಕಾಯುವ ತಾಳ್ಮೆ ಎಷ್ಟು, ವೇಳಾಪಟ್ಟಿಗಿಂತ ಎಷ್ಟು ಹಿಂದೆ ಬೀಳಬಹುದು, ಎಷ್ಟು ಬೆಲೆ ದಾಟಿದರೆ ನಿಲ್ಲಬೇಕು ಎಂಬುದನ್ನೆಲ್ಲ ಡೀಲರ್ ಮೊದಲೇ ಹೇಳಿರುತ್ತಾರೆ. ವಿಧಾನದ ಹೆಸರಿಗಿಂತ ಈ ಮೂರು ಅಂಕಿಗಳೇ ಹೆಚ್ಚು ಕೆಲಸ ಮಾಡುತ್ತವೆ.

ಗಡಿಯಾರವನ್ನು ಮಾತ್ರ ನಂಬಿದರೆ ಏನಾಗಬಹುದೆಂಬುದು 2012ರ ಜುಲೈ 19ರಂದು ನ್ಯೂಯಾರ್ಕ್‌ನಲ್ಲಿ ಎಲ್ಲರ ಕಣ್ಣೆದುರೇ ಕಂಡಿತು. ಅಂದು ಕೋಕಾ-ಕೋಲಾ, ಐಬಿಎಂ, ಮೆಕ್‌ಡೊನಾಲ್ಡ್ಸ್, ಆಪಲ್ ಷೇರುಗಳ ನಕ್ಷೆ ಗರಗಸದ ಹಲ್ಲಿನಂತಾಗಿತ್ತು. ಅರ್ಧ ಗಂಟೆ ಏರಿಕೆ, ಅರ್ಧ ಗಂಟೆ ಇಳಿಕೆ. ತಿರುವು ಬರುತ್ತಿದ್ದದ್ದು ಸರಿಯಾಗಿ ಗಂಟೆಗೆ ಮತ್ತು ಅರ್ಧ ಗಂಟೆಗೆ. ಬೆಲೆಯನ್ನು ಗಮನಿಸದೆ ಗಡಿಯಾರದ ಲೆಕ್ಕದಲ್ಲಿ ಓಡುತ್ತಿದ್ದ ದೊಡ್ಡ ಆರ್ಡರ್‌ನ ಕಡೆಗೆ ವಿಶ್ಲೇಷಕರು ಬೊಟ್ಟು ಮಾಡಿದರು. ಇಂಥ ಲಯ ಒಮ್ಮೆ ಗೊತ್ತಾಯಿತೆಂದರೆ ಉಳಿದವರು ಮುಂದಿನ ಚೂರು ಬರುವ ಮೊದಲೇ ಕೊಂಡಿಟ್ಟು, ಬಂದಾಗ ಹೆಚ್ಚಿನ ಬೆಲೆಗೆ ಮಾರಬಹುದು. ಈ ಕಾರಣಕ್ಕೇ ಒಳ್ಳೆಯ ಸಾಫ್ಟ್‌ವೇರ್ 4,000ವನ್ನು 4,000 ಎಂದೇ ಕಳಿಸುವುದಿಲ್ಲ. ಒಮ್ಮೆ 3,370, ಒಮ್ಮೆ 4,590 ಎಂದು ಪ್ರಮಾಣವನ್ನು ಕದಡುತ್ತದೆ, ಐದು ನಿಮಿಷದೊಳಗಿನ ಕ್ಷಣವನ್ನೂ ಬದಲಾಯಿಸುತ್ತದೆ, ಒಟ್ಟು ಮೊತ್ತ ಮಾತ್ರ ವೇಳಾಪಟ್ಟಿಯಿಂದ ಆಚೀಚೆ ಆಗದಂತೆ ನೋಡಿಕೊಳ್ಳುತ್ತದೆ.

ಗಡಿಯಾರಕ್ಕೆ ಇನ್ನೊಂದು ಕುರುಡೂ ಇದೆ. ಷೇರುಪೇಟೆಯಲ್ಲಿ ಎಲ್ಲ ನಿಮಿಷಗಳೂ ಸಮವಲ್ಲ. ಬೆಳಗ್ಗೆ ರಾತ್ರಿಯ ಸುದ್ದಿಯೆಲ್ಲ ಒಟ್ಟಿಗೆ ಬಂದು ಬೀಳುವುದರಿಂದ ಗದ್ದಲ, ಮಧ್ಯಾಹ್ನ ಮಂಕು, ಕೊನೆಯಲ್ಲಿ ಮತ್ತೆ ಭರಾಟೆ. ನಮ್ಮಲ್ಲಿ ಕೊನೆಯ ಅರ್ಧ ಗಂಟೆಯ ವೀವ್ಯಾಪ್ ಅನ್ನೇ ಆ ದಿನದ ಮುಕ್ತಾಯದ ಬೆಲೆಯಾಗಿ ತೆಗೆದುಕೊಳ್ಳುವ ಪದ್ಧತಿ ಬಹುಕಾಲದಿಂದ ನಡೆದುಬಂದದ್ದು. ಫಂಡ್‌ಗಳ ಎನ್‌ಎವಿ ಲೆಕ್ಕ ಮುಕ್ತಾಯದ ಬೆಲೆಯ ಮೇಲೆ ನಿಂತಿರುವುದರಿಂದ ದೊಡ್ಡವರು ಆ ಹೊತ್ತಿಗೆ ಕಾದಿರುತ್ತಾರೆ.

ನಮ್ಮ ಊಹೆಯ ಷೇರಿನಲ್ಲಿ ಮೊದಲ ಅರ್ಧ ಗಂಟೆಗೆ ದಿನದ ಶೇ 15, ಹನ್ನೆರಡರ ಆಸುಪಾಸಿನ ಅರ್ಧ ಗಂಟೆಗೆ ಶೇ 4, ಕೊನೆಯ ಅರ್ಧ ಗಂಟೆಗೆ ಶೇ 20ರಷ್ಟು ವಹಿವಾಟು ಎನ್ನೋಣ. ಟೀವ್ಯಾಪ್ ಪ್ರತಿ ಅರ್ಧ ಗಂಟೆಗೂ 24,000 ಷೇರು ಕೊಳ್ಳುತ್ತದೆ. ಬೆಳಗ್ಗೆ ಪೇಟೆಯಲ್ಲಿ 3 ಲಕ್ಷ ಷೇರು ಓಡಾಡುವಾಗ ಅದು ಶೇ 8 ಮಾತ್ರ, ಯಾರ ಗಮನಕ್ಕೂ ಬಾರದು. ಮಧ್ಯಾಹ್ನ ಪೇಟೆಯಲ್ಲಿರುವುದೇ 80,000 ಷೇರು. ಅಲ್ಲಿ 24,000 ಎಂದರೆ ಶೇ 30. ನಿದ್ದೆಹೋದ ಪೇಟೆಯಲ್ಲಿ ಬೆಲೆ ಏರತೊಡಗುವುದು ಆಗಲೇ. ವೀವ್ಯಾಪ್ ವೇಳಾಪಟ್ಟಿ ಹಿಂದಿನ ಕೆಲವು ವಾರಗಳ ವಹಿವಾಟಿನಿಂದ ಈ ಏರಿಳಿತದ ಸರಾಸರಿ ನಕ್ಷೆಯನ್ನು ತೆಗೆದು, ಅದರಂತೆಯೇ ಪಾಲು ಹಾಕುತ್ತದೆ: ಬೆಳಗ್ಗೆ 45,000, ಮಧ್ಯಾಹ್ನ 12,000, ಕೊನೆಗೆ 60,000. ಎಲ್ಲ ಹೊತ್ತಿನಲ್ಲೂ ಪಾಲು ಶೇ 15ರ ಆಸುಪಾಸಿನಲ್ಲೇ ಉಳಿಯುತ್ತದೆ. ಬಿಟ್‌ಕಾಯಿನ್‌ನಂತೆ ಹಗಲುರಾತ್ರಿ ತೆರೆದಿರುವ, ಬಾಗಿಲು ಮುಚ್ಚುವ ವೇಳೆಯೇ ಇಲ್ಲದ ಪೇಟೆಗೆ ಗಡಿಯಾರ ಸಾಕಾದೀತು. ಎನ್‌ಎಸ್‌ಇಯ ಷೇರಿಗೆ ಸಾಮಾನ್ಯವಾಗಿ ಸಾಲದು.

ಆದರೆ ಆ ನಕ್ಷೆ ನಿನ್ನೆಯದು. ಇವತ್ತು ಮಧ್ಯಾಹ್ನ ಒಂದೂವರೆಗೆ ಕಂಪನಿ ತ್ರೈಮಾಸಿಕ ಫಲಿತಾಂಶ ಪ್ರಕಟಿಸಿದರೆ ದಿನದ ಅರ್ಧದಷ್ಟು ವಹಿವಾಟು ಆ ಮೇಲಿನ ಒಂದು ಗಂಟೆಯಲ್ಲೇ ನಡೆದುಹೋಗಬಹುದು. ಹಳೆಯ ನಕ್ಷೆ ಹಿಡಿದ ಸಾಫ್ಟ್‌ವೇರ್ ಆ ಗಂಟೆಯಲ್ಲಿ ತನ್ನ ಸಣ್ಣ ಪಾಲನ್ನಷ್ಟೇ ಕೊಂಡು ಸುಮ್ಮನಿರುತ್ತದೆ. ಹಾಗಾದರೆ ನಕ್ಷೆಯನ್ನು ಬದಿಗಿಟ್ಟು, ಈಗ ನಡೆಯುತ್ತಿರುವ ವಹಿವಾಟಿನ ಇಂತಿಷ್ಟು ಶೇಕಡಾ ಎಂದು ಹಿಂಬಾಲಿಸಿದರೆ ಆಗದೇ? ಆಗುತ್ತದೆ. ಹಾಗೆ ಮಾಡುವವರೂ ಬಹಳ. ಅದರ ಅಪಾಯವನ್ನು ಜಗತ್ತು ಕಂಡದ್ದು 2010ರ ಮೇ 6ರಂದು.

ಗ್ರೀಸ್‌ನ ಸಾಲದ ಆತಂಕದಿಂದ ಪೇಟೆ ಅಂದು ಮೊದಲೇ ಅಳುಕಿತ್ತು. ಮಧ್ಯಾಹ್ನ 2.32ಕ್ಕೆ ಅಮೆರಿಕದ ಮ್ಯೂಚುವಲ್ ಫಂಡ್ ಸಮೂಹವೊಂದು ಎಸ್ ಆಂಡ್ ಪಿ 500 ಸೂಚ್ಯಂಕದ ಇ-ಮಿನಿ ಫ್ಯೂಚರ್ಸ್‌ನ 75,000 ಕಾಂಟ್ರ್ಯಾಕ್ಟ್ ಮಾರಲು ಸಾಫ್ಟ್‌ವೇರನ್ನು ಚಾಲೂ ಮಾಡಿತು. ಮೌಲ್ಯ ಸುಮಾರು 410 ಕೋಟಿ ಡಾಲರ್. ಸೂಚನೆ ಒಂದೇ: ಹಿಂದಿನ ಒಂದು ನಿಮಿಷದ ವಹಿವಾಟಿನ ಶೇ 9ರಷ್ಟು ಮಾರುತ್ತ ಹೋಗು. ಬೆಲೆಯ ಮಿತಿಯಿಲ್ಲ, ಕಾಲದ ಮಿತಿಯಿಲ್ಲ. ಅಮೆರಿಕದ ನಿಯಂತ್ರಣ ಸಂಸ್ಥೆಗಳಾದ ಎಸ್‌ಇಸಿ ಮತ್ತು ಸಿಎಫ್‌ಟಿಸಿ ಅದೇ ಸೆಪ್ಟೆಂಬರ್‌ನಲ್ಲಿ ಹೊರತಂದ ಜಂಟಿ ವರದಿ ಮುಂದಿನದನ್ನು ನಿಮಿಷ ನಿಮಿಷವಾಗಿ ಬಿಡಿಸಿಟ್ಟಿದೆ. ಮಾರಿದ್ದನ್ನು ಮೊದಲು ಕೊಂಡವರಲ್ಲಿ ಅತಿವೇಗದ ಟ್ರೇಡರ್‌ಗಳಿದ್ದರು. ಅವರು ಇಟ್ಟುಕೊಳ್ಳುವವರಲ್ಲ. ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಳ್ಳತೊಡಗಿದರು. 2.45ರ ಹೊತ್ತಿನ ಕೇವಲ 14 ಸೆಕೆಂಡಿನಲ್ಲಿ ಅವರು 27,000ಕ್ಕೂ ಹೆಚ್ಚು ಕಾಂಟ್ರ್ಯಾಕ್ಟ್ ವಹಿವಾಟು ನಡೆಸಿದರು, ನಿವ್ವಳವಾಗಿ ಕೊಂಡದ್ದು ಸುಮಾರು 200 ಮಾತ್ರ. ನಿಜವಾದ ಕೊಳ್ಳುಗರು ಇಲ್ಲದೆಯೇ ವಹಿವಾಟಿನ ಅಂಕಿ ಉಬ್ಬಿತು. ಅಂಕಿ ಉಬ್ಬಿದ್ದಕ್ಕೆ ಸಾಫ್ಟ್‌ವೇರ್ ತನ್ನ ಶೇ 9ರ ಲೆಕ್ಕದಲ್ಲಿ ಇನ್ನಷ್ಟು ವೇಗವಾಗಿ ಮಾರಿತು.

ಷಿಕಾಗೊದ ವಿನಿಮಯ ಕೇಂದ್ರದ ಸ್ವಯಂಚಾಲಿತ ತಡೆ ಐದು ಸೆಕೆಂಡ್ ವಹಿವಾಟು ನಿಲ್ಲಿಸಿದ ಮೇಲೆ ಆ ಫ್ಯೂಚರ್ಸ್ ಬೆಲೆ ಕುಸಿಯುವುದು ನಿಂತಿತು. ಅಷ್ಟರಲ್ಲಿ ದಿನದ ಆರಂಭಕ್ಕೆ ಹೋಲಿಸಿದರೆ ಡೌ ಜೋನ್ಸ್ ಸುಮಾರು ಸಾವಿರ ಅಂಶದ ಇಳಿತದತ್ತ ಸಾಗಿತ್ತು. ಇಡೀ 75,000 ಮಾರಾಟ ಮುಗಿದದ್ದು ಸುಮಾರು 20 ನಿಮಿಷದಲ್ಲಿ. ಅದಕ್ಕೂ ಹಿಂದೊಮ್ಮೆ ಅದೇ ಸಂಸ್ಥೆ ಅಷ್ಟೇ ದೊಡ್ಡ ಆರ್ಡರನ್ನು ಬೆಲೆ, ಕಾಲ, ಪ್ರಮಾಣ ಮೂರನ್ನೂ ನೋಡುತ್ತ ಮಾರಿದಾಗ ಐದು ಗಂಟೆಗೂ ಹೆಚ್ಚು ಹಿಡಿದಿತ್ತು ಎಂದು ವರದಿ ಹೇಳುತ್ತದೆ. ಕುಸಿತಕ್ಕೆ ಆ ಒಂದು ಆರ್ಡರ್ ಎಷ್ಟು ಹೊಣೆ ಎಂಬ ವಾದ ನಿಂತಿಲ್ಲ. ವಿನಿಮಯ ಕೇಂದ್ರವೇ ವರದಿಯ ತೀರ್ಮಾನವನ್ನು ಒಪ್ಪಲಿಲ್ಲ. ಆದರೆ ಬೆಲೆಯ ಮಿತಿಯಿಲ್ಲದೆ ವಹಿವಾಟಿನ ಬೆನ್ನುಹತ್ತುವುದು ಎಷ್ಟು ಅಪಾಯವೆಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಇನ್ನು ಅಳೆಯುವ ಕೋಲಿನ ವಿಚಾರ. ನಮ್ಮ ಫಂಡ್ ಬೆಳಗ್ಗೆ ಕೊಳ್ಳಲು ತೀರ್ಮಾನಿಸಿದಾಗ ಬೆಲೆ 800 ಇತ್ತು. ಸಂಜೆಗೆ ಅದರ ಸರಾಸರಿ ಖರೀದಿ ಬೆಲೆ 806.40, ಪೇಟೆಯ ಅಂದಿನ ವೀವ್ಯಾಪ್ 806.80. ಷೇರಿಗೆ 40 ಪೈಸೆ ಅಗ್ಗ, ಒಟ್ಟು 1.2 ಲಕ್ಷ ರೂಪಾಯಿ ಉಳಿತಾಯ ಎಂದು ಡೀಲರ್‌ನ ವರದಿ ಹೇಳುತ್ತದೆ. ಅದು ಸುಳ್ಳಲ್ಲ. ಆದರೆ ತೀರ್ಮಾನ ಮಾಡಿದ ಕ್ಷಣದ ಬೆಲೆಗೆ ಹೋಲಿಸಿದರೆ ಷೇರಿಗೆ 6.40ರಂತೆ 19.2 ಲಕ್ಷ ರೂಪಾಯಿ ಹೆಚ್ಚು ಹೋಗಿದೆ. ಈ ಎರಡು ನೋಟಗಳಿಗೂ ಒಂದೇ ವಯಸ್ಸು. ವೀವ್ಯಾಪ್ ಅನ್ನು ಅಳತೆಗೋಲಾಗಿ ಮುಂದಿಟ್ಟ ಬರ್ಕೊವಿಟ್ಜ್, ಲೋಗ್, ನೋಸರ್ ಅವರ ಪ್ರಬಂಧ ಬಂದದ್ದು 1988ರಲ್ಲಿ. ತೀರ್ಮಾನದ ಕ್ಷಣದಿಂದಲೇ ಅಳೆಯಬೇಕೆಂದು ಹಾರ್ವರ್ಡ್‌ನ ಆಂಡ್ರೆ ಪೆರೋಲ್ಡ್ ಬರೆದದ್ದೂ ಅದೇ ವರ್ಷ.

ವೀವ್ಯಾಪ್‌ನ ದೌರ್ಬಲ್ಯ ಅದರ ಹುಟ್ಟಿನಲ್ಲೇ ಇದೆ. ಆ ಸರಾಸರಿಯಲ್ಲಿ ಕೊಳ್ಳುವವರ ಸ್ವಂತ ಖರೀದಿಯೂ ಸೇರಿರುತ್ತದೆ. ದಿನದ ವಹಿವಾಟಿನ ಶೇ 15 ಫಂಡ್‌ನದೇ ಆಗಿದ್ದರೆ ಅದು ಬೆಲೆಯನ್ನು ಮೇಲೆ ತಳ್ಳಿದಂತೆ ವೀವ್ಯಾಪ್ ಕೂಡ ಜೊತೆಗೇ ಮೇಲೇರುತ್ತದೆ, ಇಬ್ಬರ ನಡುವಿನ ಅಂತರ ಸಣ್ಣದಾಗಿಯೇ ಕಾಣುತ್ತದೆ. ಹೂಡಿಕೆದಾರರ ಹಣದಿಂದ ಹೋದ ಆ 19.2 ಲಕ್ಷ ವೀವ್ಯಾಪ್‌ನ ಹೋಲಿಕೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಹಾಗೆಂದು ಅಷ್ಟೂ ಹಣವನ್ನು ಡೀಲರ್‌ನ ತಲೆಗೆ ಕಟ್ಟುವುದೂ ತಪ್ಪು. ಅಂದು ನಿಫ್ಟಿಯೇ ಏರಿದ್ದಿರಬಹುದು. ಅದನ್ನು ಬೇರ್ಪಡಿಸಲು ವಿಶ್ಲೇಷಕರು ಮೊದಲು ಅದೇ ಉದ್ಯಮದ ಬೇರೆ ಷೇರುಗಳು ಅಂದು ಎಷ್ಟು ಏರಿದವೆಂದು ನೋಡುತ್ತಾರೆ. ಅವು ಶೇ 0.7ರಷ್ಟು ಏರಿದ್ದರೆ 6.40ರಲ್ಲಿ 5.60 ರೂಪಾಯಿ ಎಲ್ಲರಿಗೂ ಬಿದ್ದ ಏರಿಕೆ, ಉಳಿದ 80 ಪೈಸೆ ಮಾತ್ರ ಆರ್ಡರ್‌ನ ಸ್ವಂತ ಭಾರ. ಆಮೇಲೆ ಮರುದಿನದ ಬೆಲೆ ನೋಡುತ್ತಾರೆ. ಖರೀದಿ ನಿಂತ ಮೇಲೆ ಷೇರು ಮಾತ್ರ ಕೆಳಗಿಳಿದು ಜೊತೆಯವು ಇದ್ದಲ್ಲೇ ಇದ್ದರೆ, ಹಿಂದಿನ ದಿನ ಅದನ್ನು ಎತ್ತಿ ಹಿಡಿದಿದ್ದದ್ದು ಫಂಡ್‌ನ ಆರ್ಡರೇ ಎಂದು ತಿಳಿಯಬಹುದು. ಅಂಥ ಇಳಿತ ಮೇಲಿಂದ ಮೇಲೆ ಕಂಡರೆ ಮುಂದಿನ ಬಾರಿ ಮೂರು ಲಕ್ಷ ಷೇರನ್ನು ಒಂದೇ ದಿನದೊಳಗೆ ತುರುಕದೆ ಎರಡು ಮೂರು ದಿನಗಳಿಗೆ ಹರಡುತ್ತಾರೆ, ಆ ದಿನಗಳಲ್ಲಿ ಪೇಟೆಯೇ ಏರಿಬಿಡಬಹುದೆಂಬ ಭಯವನ್ನೂ ಲೆಕ್ಕಕ್ಕೆ ತೆಗೆದುಕೊಂಡು.