ಗುಂಪಿಗೆ ಸೇರದ್ದು ಯಾವುದು? ಮೊದಲು, ಗುಂಪು ಯಾವುದು?

ಶರಾವತಿ, ನೇತ್ರಾವತಿ, ಹೇಮಾವತಿ, ಕಾಳಿ. ಈ ನಾಲ್ಕು ನದಿಗಳಲ್ಲಿ ಗುಂಪಿಗೆ ಸೇರದ್ದು ಯಾವುದು?

ಓದಿದ ತಕ್ಷಣ ಬಾಯಿಗೆ ಬರುವ ಉತ್ತರ ಕಾಳಿ. ಉಳಿದ ಮೂರೂ ಹೆಸರುಗಳು ‘ವತಿ’ ಎಂದು ಮುಗಿಯುತ್ತವೆ. ಇದು ಕಿವಿಗೇ ಗೊತ್ತಾಗುವ ಸಾಮ್ಯ, ಇನ್ನೇನೂ ಯೋಚಿಸಬೇಕಿಲ್ಲ. ಆದರೆ ಕರ್ನಾಟಕದ ಭೂಪಟ ಮುಂದಿಟ್ಟುಕೊಂಡು ನೋಡಿದರೆ ಬೇರೆಯದೇ ಗುಂಪು ಕಾಣುತ್ತದೆ. ಶರಾವತಿ ಹೊನ್ನಾವರದಲ್ಲಿ, ನೇತ್ರಾವತಿ ಮಂಗಳೂರಿನಲ್ಲಿ, ಕಾಳಿ ಕಾರವಾರದಲ್ಲಿ ಅರಬ್ಬೀ ಸಮುದ್ರ ಸೇರುತ್ತವೆ. ಹೇಮಾವತಿ ಮಾತ್ರ ಮೂಡಿಗೆರೆ ಸೀಮೆಯಲ್ಲಿ ಹುಟ್ಟಿ, ಗೊರೂರು ಅಣೆಕಟ್ಟೆ ದಾಟಿ, ಕಾವೇರಿಯನ್ನು ಕೂಡಿಕೊಂಡು ಪೂರ್ವಕ್ಕೆ ಹೋಗುತ್ತದೆ. ನೇತ್ರಾವತಿ, ಹೇಮಾವತಿ ಎರಡರ ಮೂಲವೂ ಚಿಕ್ಕಮಗಳೂರು ಜಿಲ್ಲೆಯ ಘಟ್ಟದಲ್ಲೇ ಇದ್ದರೂ ಒಂದರ ನೀರು ಪಡುಗಡಲಿಗೆ, ಇನ್ನೊಂದರದ್ದು ಮೂಡಗಡಲಿಗೆ. ಹೀಗೆ ನೋಡಿದರೆ ಗುಂಪಿಗೆ ಸೇರದ್ದು ಹೇಮಾವತಿ.

ಎನ್‌ಎಂಎಂಎಸ್ ಪರೀಕ್ಷೆ ಬರೆಯುವ ಎಂಟನೇ ತರಗತಿಯ ಮಕ್ಕಳಿಂದ ಹಿಡಿದು ಸರ್ಕಾರಿ ನೌಕರಿಯ ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರ ತನಕ ಎಲ್ಲರೂ ಎದುರಿಸುವ ಪ್ರಶ್ನೆ ಇದು. ಹೆಸರೇ ‘ಗುಂಪಿಗೆ ಸೇರದ್ದನ್ನು ಗುರುತಿಸಿ’ ಎಂದಿರುವುದರಿಂದ ನಮ್ಮ ಕಣ್ಣು ಬೇರೆಯಾಗಿರುವ ಒಂದನ್ನೇ ಹುಡುಕುತ್ತದೆ. ಎಡವುವುದು ಅಲ್ಲೇ. ನಿಜವಾಗಿ ಕಂಡುಹಿಡಿಯಬೇಕಾದದ್ದು ಉಳಿದವುಗಳನ್ನು ಕಟ್ಟಿರುವ ಸಮಾನ ಗುಣ. ಅದು ಸಿಕ್ಕರೆ ಹೊರಗುಳಿದದ್ದು ತಾನಾಗಿ ಕಾಣುತ್ತದೆ. ಬೇರೆಯಾಗಿರುವುದನ್ನೇ ಹುಡುಕುತ್ತ ಹೊರಟರೆ ಯಾವುದನ್ನು ಬೇಕಾದರೂ ಹೊರಗಿಡಬಹುದು.

ಉದಾಹರಣೆಗೆ ಇನ್ನೊಂದು ನದಿಗಳ ಪಟ್ಟಿ ತೆಗೆದುಕೊಳ್ಳೋಣ: ಕಾವೇರಿ, ಕೃಷ್ಣಾ, ತುಂಗಭದ್ರಾ, ಶರಾವತಿ. ಪಶ್ಚಿಮಕ್ಕೆ ಹರಿಯುವುದು ಶರಾವತಿ ಒಂದೇ. ಕರ್ನಾಟಕದ ಹೊರಗೆ, ಮಹಾಬಲೇಶ್ವರದಲ್ಲಿ ಹುಟ್ಟುವುದು ಕೃಷ್ಣಾ ಒಂದೇ. ತನ್ನ ಹೆಸರಿನಲ್ಲಿ ಸಮುದ್ರ ಸೇರದೆ ಇನ್ನೊಂದು ನದಿಗೆ ಕೂಡಿಕೊಳ್ಳುವುದು ತುಂಗಭದ್ರಾ ಒಂದೇ. ತಮಿಳುನಾಡಿಗೆ ಹರಿಯುವುದು ಕಾವೇರಿ ಒಂದೇ. ನಾಲ್ಕು ನದಿ, ನಾಲ್ಕು ಉತ್ತರ, ನಾಲ್ಕಕ್ಕೂ ಕಾರಣವಿದೆ. ಯಾವ ಎರಡು ವಸ್ತುಗಳೂ ಎಲ್ಲ ರೀತಿಯಲ್ಲೂ ಒಂದೇ ಆಗಿರುವುದಿಲ್ಲವಾದ್ದರಿಂದ, ಪ್ರತಿಯೊಂದರಲ್ಲೂ ಉಳಿದವುಗಳಲ್ಲಿ ಇಲ್ಲದ ಏನಾದರೂ ಒಂದು ಇದ್ದೇ ಇರುತ್ತದೆ.

ಹಾಗಂತ ಈ ನಾಲ್ಕು ಕಾರಣಗಳೂ ಒಂದೇ ತೂಕದವಲ್ಲ. ಕಾವೇರಿಯನ್ನು ಹೊರಗಿಟ್ಟಾಗ ಉಳಿದ ಮೂರನ್ನು ಒಂದಾಗಿಸುವುದು ‘ತಮಿಳುನಾಡಿಗೆ ಹರಿಯುವುದಿಲ್ಲ’ ಎಂಬ ಇಲ್ಲದಿಕೆ. ಗಂಗೆಯೂ ತಮಿಳುನಾಡಿಗೆ ಹರಿಯುವುದಿಲ್ಲ, ನೈಲ್ ನದಿಯೂ ಹರಿಯುವುದಿಲ್ಲ. ಇಲ್ಲದಿರುವುದರಿಂದ ಗುಂಪು ಆಗುವುದಿಲ್ಲ. ಕೃಷ್ಣಾ ನದಿಯನ್ನು ಹೊರಗಿಟ್ಟರೆ ಉಳಿದವು ‘ಕರ್ನಾಟಕದಲ್ಲಿ ಹುಟ್ಟಿದವು’ ಎಂಬ ಇರುವ ಗುಣದಿಂದ ಒಂದಾಗುತ್ತವೆ. ಇದು ಗಟ್ಟಿಯಾದ ಕಾರಣ. ಶರಾವತಿಯ ಕಾರಣವೂ ಅಷ್ಟೇ ಗಟ್ಟಿ: ಉಳಿದ ಮೂರರ ನೀರು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಸಮಾನ ಬಲದ ಎರಡು ಕಾರಣಗಳು ಉಳಿದುಬಿಟ್ಟರೆ ಅದು ಪ್ರಶ್ನೆಯ ದೋಷ, ಉತ್ತರಿಸುವವರದ್ದಲ್ಲ.

ಹಾಗಾದರೆ ಎರಡು ಕಾರಣ ಕಂಡಾಗ ಯಾವುದಕ್ಕೆ ಬಲ ಹೆಚ್ಚು ಎಂದು ತೂಗುವುದು ಹೇಗೆ? ಇದನ್ನು ಸಂಖ್ಯೆಗಳಲ್ಲಿ ನೋಡುವುದು ಸುಲಭ.

10, 26, 37, 48, 50. ಇವುಗಳಲ್ಲಿ ಬೇರೆಯಾದದ್ದು ಯಾವುದು?

37 ಎದ್ದು ಕಾಣುತ್ತದೆ. ಅದೊಂದೇ ಬೆಸ ಸಂಖ್ಯೆ, ಅದೊಂದೇ ಅವಿಭಾಜ್ಯ ಸಂಖ್ಯೆ. ಎರಡು ಕಾರಣಗಳಿರುವಾಗ ಇನ್ನು ಅನುಮಾನವೇಕೆ ಎನಿಸುತ್ತದೆ. ಆದರೆ 37 ಬಿಟ್ಟು ಉಳಿದವುಗಳಲ್ಲಿ ಸಮಾನವಾದದ್ದೇನು ಎಂದು ಕೇಳಿ ನೋಡಿ. ಅವೆಲ್ಲ ಸಮ ಸಂಖ್ಯೆಗಳು, ಅಷ್ಟೇ. ಅವಿಭಾಜ್ಯವಲ್ಲದಿರುವುದು ಮತ್ತೆ ಇಲ್ಲದಿಕೆಯ ಮಾತಾಯಿತು, ಅದೂ ಎರಡಕ್ಕಿಂತ ದೊಡ್ಡ ಸಮ ಸಂಖ್ಯೆಗಳು ಎಂದ ಮೇಲೆ ತಾನಾಗಿ ಬರುವಂಥದ್ದು.

ಈಗ 37 ಅನ್ನು ಗುಂಪಿನೊಳಗೇ ಇಟ್ಟು ನೋಡೋಣ. ಅದು 36ಕ್ಕಿಂತ ಒಂದು ಹೆಚ್ಚು, 36 ಎಂದರೆ ಆರರ ವರ್ಗ. 10 ಎಂದರೆ ಮೂರರ ವರ್ಗಕ್ಕೆ ಒಂದು ಸೇರಿಸಿದ್ದು. 26 ಐದರ ವರ್ಗಕ್ಕೆ ಒಂದು, 50 ಏಳರ ವರ್ಗಕ್ಕೆ ಒಂದು. 48 ಮಾತ್ರ ಹಾಗಲ್ಲ, ಅದು ಏಳರ ವರ್ಗದಿಂದ ಒಂದು ಕಳೆದದ್ದು. ಉತ್ತರ 48. ಅಷ್ಟು ಹೊತ್ತು ಎದ್ದು ಕಾಣುತ್ತಿದ್ದ 37 ಗುಂಪಿನೊಳಗಿನದ್ದೇ ಆಯಿತು.

ಇಲ್ಲಿ ಎರಡನೆಯ ಕಾರಣ ಏಕೆ ಗೆಲ್ಲಬೇಕು? 1ರಿಂದ 100ರೊಳಗೆ 50 ಸಮ ಸಂಖ್ಯೆಗಳಿವೆ. ಕಣ್ಣು ಮುಚ್ಚಿ ನಾಲ್ಕು ಬೇರೆ ಬೇರೆ ಸಂಖ್ಯೆ ಎತ್ತಿದರೂ ನಾಲ್ಕೂ ಸಮ ಸಂಖ್ಯೆಯಾಗಿ ಬರುವ ಸಾಧ್ಯತೆ ಸುಮಾರು 17ಕ್ಕೆ ಒಂದು. ಅಂದರೆ ಅದು ಆಕಸ್ಮಿಕವಾಗಿ ಆಗಬಹುದಾದದ್ದು. ಆದರೆ 1ರಿಂದ 9ರವರೆಗಿನ ವರ್ಗಗಳಿಗೆ ಒಂದು ಸೇರಿಸಿದರೆ ಸಿಗುವ ಸಂಖ್ಯೆಗಳು ಒಂಬತ್ತೇ: 2, 5, 10, 17, 26, 37, 50, 65, 82. ಎತ್ತಿದ ನಾಲ್ಕೂ ಈ ಒಂಬತ್ತರೊಳಗೇ ಬೀಳುವ ಸಾಧ್ಯತೆ ಸುಮಾರು 31 ಸಾವಿರಕ್ಕೆ ಒಂದು. ಹಾಗೆ ತಾನಾಗಿ ಆಗುವುದು ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಯಾರೋ ಬೇಕೆಂದೇ ಆರಿಸಿ ಇಟ್ಟಿದ್ದಾರೆ. ಸಮಾನ ಗುಣ ಅಪರೂಪವಾದಷ್ಟೂ ಅದೇ ಪ್ರಶ್ನೆ ಬರೆದವರ ಮನಸ್ಸಿನಲ್ಲಿದ್ದ ಗುಣ ಎಂಬ ನಂಬಿಕೆ ಬಲಗೊಳ್ಳುತ್ತದೆ.

ಇದಕ್ಕೊಂದು ಮಿತಿಯೂ ಇದೆ. ಯಾವ ಮೂರು ಸಂಖ್ಯೆ ಕೊಟ್ಟರೂ ಅವನ್ನು ಸಾಲಾಗಿ ಹುಟ್ಟಿಸುವ ವರ್ಗ ಸೂತ್ರವೊಂದನ್ನು ಪ್ರೌಢಶಾಲೆಯ ಗಣಿತದಲ್ಲೇ ಕಟ್ಟಿಬಿಡಬಹುದು. ಆ ಸೂತ್ರ ಬಹಳ ಅಪರೂಪದ್ದೇ, ಆದರೆ ಅದು ಸಂಖ್ಯೆಗಳಲ್ಲಿ ಇದ್ದದ್ದಲ್ಲ, ನಾವು ಹೊಲಿದು ತೊಡಿಸಿದ್ದು. ಹಾಗಾಗಿ ಗುಣ ಅಪರೂಪವೂ ಆಗಿರಬೇಕು, ಒಂದೇ ಉಸಿರಿನಲ್ಲಿ ಹೇಳುವಷ್ಟು ಚಿಕ್ಕದೂ ಆಗಿರಬೇಕು. ‘ವರ್ಗಕ್ಕೆ ಒಂದು ಸೇರಿಸಿದ್ದು’ ಎಂಬುದರಲ್ಲಿ ಈ ಎರಡೂ ಇವೆ. ವಿವರಿಸಲು ಮೂರು ಸಾಲು ಬೇಕಾಗುವ ನಿಯಮ ಕಂಡರೆ ಅದನ್ನು ಬಿಟ್ಟು ಬೇರೆ ಹುಡುಕುವುದು ಒಳ್ಳೆಯದು.

ಪದಗಳ ಪ್ರಶ್ನೆಯಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. ಜಲಜ, ಕಮಲ, ಕನಕ, ನಯನ. ಅರ್ಥ ಹಿಡಿದು ಹೊರಟರೆ ಜಲಜ, ಕಮಲ ಎರಡೂ ತಾವರೆ. ಉಳಿದದ್ದು ಚಿನ್ನ ಮತ್ತು ಕಣ್ಣು. ಎರಡು ಒಂದು ಕಡೆ, ಎರಡು ಇನ್ನೊಂದು ಕಡೆ ಆಯಿತು. ಹೆಣ್ಣುಮಕ್ಕಳ ಹೆಸರು ಎಂದು ನೋಡಿದರೆ ನಾಲ್ಕೂ ಒಳಗೇ ಬರುತ್ತವೆ. ಹೀಗೆ ಎರಡು-ಎರಡಾಗಿ ಒಡೆದರೆ, ಅಥವಾ ನಾಲ್ಕೂ ಒಂದೇ ಕಡೆ ಬಿದ್ದರೆ, ನೀವು ಹಿಡಿದ ದಾರಿ ಪ್ರಶ್ನೆ ಬರೆದವರ ದಾರಿಯಲ್ಲ. ಅರ್ಥವನ್ನು ಬಿಟ್ಟು ಅಕ್ಷರಗಳ ಕಡೆ ತಿರುಗಬೇಕು. ಜ-ಲ-ಜ, ಕ-ನ-ಕ, ನ-ಯ-ನ: ಹಿಂದಿನಿಂದ ಓದಿದರೂ ಅದೇ ಪದ. ಕಮಲವನ್ನು ತಿರುಗಿಸಿದರೆ ‘ಲಮಕ’ ಆಗುತ್ತದೆ. ಉತ್ತರ ಕಮಲ. ಜಲಜದ ಪಕ್ಕ ಕಮಲವನ್ನು ಇಟ್ಟದ್ದೇ ಓದುವವರನ್ನು ಅರ್ಥದ ದಾರಿಗೆ ಎಳೆಯಲಿಕ್ಕೆ.

ಇಷ್ಟು ತರ್ಕ ಹಾಕಿದರೂ ಒಂದು ಮೂಲ ಪ್ರಶ್ನೆ ಉಳಿಯುತ್ತದೆ: ಗುಂಪು ಎಂದರೆ ಏನು ಎಂದು ಎಲ್ಲರೂ ಒಂದೇ ರೀತಿ ತಿಳಿದಿರುತ್ತಾರೆಯೇ? ಸೋವಿಯತ್ ಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ 1931 ಮತ್ತು 1932ರಲ್ಲಿ ಮಧ್ಯ ಏಷ್ಯಾದ ಉಜ್ಬೇಕಿಸ್ತಾನದ ಹಳ್ಳಿಗಳಿಗೆ ಹೋಗಿ ಇದೇ ಬಗೆಯ ಪ್ರಶ್ನೆ ಕೇಳಿದರು. ಸುತ್ತಿಗೆ, ಗರಗಸ, ಮರದ ದಿಮ್ಮಿ, ಕೊಡಲಿ, ಈ ನಾಲ್ಕರ ಚಿತ್ರ ತೋರಿಸಿ ಒಂದನ್ನು ತೆಗೆಯಿರಿ ಎಂದರು. ಶಾಲೆಯ ಮುಖ ಕಂಡವರು ದಿಮ್ಮಿಯನ್ನು ತೆಗೆದರು, ಏಕೆಂದರೆ ಉಳಿದವು ಉಪಕರಣಗಳು. ಅಕ್ಷರ ಕಲಿಯದ ರೈತರು ಯಾವುದನ್ನೂ ತೆಗೆಯಲು ಒಪ್ಪಲಿಲ್ಲ. ಕೊಯ್ಯಲು ಗರಗಸ, ಸೀಳಲು ಕೊಡಲಿ. ದಿಮ್ಮಿಯೇ ಇಲ್ಲದಿದ್ದರೆ ಇವೆಲ್ಲ ಏತಕ್ಕೆ ಎಂಬುದು ಅವರ ವಾದ. ಬೇರೊಬ್ಬರು ದಿಮ್ಮಿ ಸೇರುವುದಿಲ್ಲ ಎಂದರಲ್ಲ ಎಂದು ಕೇಳಿದಾಗ, ಆತನ ಮನೆಯಲ್ಲಿ ಬೇಕಾದಷ್ಟು ಸೌದೆ ಇರಬೇಕು ಎಂಬ ಉತ್ತರ ಬಂತು.

ಈ ಉತ್ತರವನ್ನು ತಪ್ಪು ಎನ್ನಲಾಗದು. ಅವರು ಹಿಡಿದ ಸಮಾನ ಗುಣ ‘ಒಂದೇ ಕೆಲಸದಲ್ಲಿ ಕೂಡಿ ಬರುವುದು’. ಶಾಲೆ ಕಲಿಸಿದ ಸಮಾನ ಗುಣ ‘ಒಂದೇ ಜಾತಿಯ ವಸ್ತು’. ಎರಡೂ ಇರುವ ಗುಣಗಳೇ. ಬಡಗಿಯ ಕೊಟ್ಟಿಗೆಯಲ್ಲಿ ಮೊದಲನೆಯದಕ್ಕೆ ಬೆಲೆ ಹೆಚ್ಚು, ಪರೀಕ್ಷಾ ಕೊಠಡಿಯಲ್ಲಿ ಎರಡನೆಯದಕ್ಕೆ. ಯಾವ ಬಗೆಯ ಗುಂಪನ್ನು ಕೇಳುತ್ತಿದ್ದಾರೆ ಎಂಬುದು ಪ್ರಶ್ನೆಯೊಳಗೆ ಬರೆದಿರುವುದಿಲ್ಲ. ಶಾಲೆಯಲ್ಲಿ ಕೂತು ರೂಢಿಯಾದವರಿಗೆ ಮಾತ್ರ ಅದು ಹೇಳದೆಯೂ ತಿಳಿಯುತ್ತದೆ. ಮಗು ‘ತಪ್ಪು’ ಉತ್ತರ ಕೊಟ್ಟಾಗ ಕಾರಣ ಕೇಳದೆ ಕೆಂಪು ಗೀಟು ಎಳೆಯಬಾರದು ಎನ್ನುವುದು ಇದಕ್ಕಾಗಿ. ಕಾರಣ ಕೇಳಿದರೆ ಆ ಮಗು ಯಾವ ಗುಂಪನ್ನು ಕಂಡಿತು ಎಂಬುದು ಗೊತ್ತಾಗುತ್ತದೆ. ಉತ್ತರ ಒಂದರಿಂದಲೇ ಅದು ಗೊತ್ತಾಗುವುದಿಲ್ಲ.

ಆದರೆ ಓಎಂಆರ್ ಹಾಳೆಯಲ್ಲಿ ಕಾರಣ ಬರೆಯಲು ಜಾಗವಿಲ್ಲ. ಕೆಪಿಎಸ್‌ಸಿ, ಕೆಇಎ ಪರೀಕ್ಷೆಗಳ ನಂತರ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತವೆ. ಅಷ್ಟರಲ್ಲಿ ಅಭ್ಯರ್ಥಿ ಆ ಒಂದು ಅಂಕಕ್ಕಾಗಿ ಸಮಯ ಕಳೆದುಕೊಂಡಿರುತ್ತಾರೆ. ಆದ್ದರಿಂದ ಪ್ರಶ್ನೆ ಬರೆಯುವ ಮೇಷ್ಟ್ರುಗಳು ಒಂದು ಕೆಲಸ ತಪ್ಪದೆ ಮಾಡಬೇಕು. ತಮ್ಮ ಉತ್ತರ ಸರಿಯೇ ಎಂದು ನೋಡಿದರೆ ಸಾಲದು, ಉಳಿದ ಮೂರು ಆಯ್ಕೆಗಳನ್ನೂ ಒಂದೊಂದಾಗಿ ಹೊರಗಿಟ್ಟು, ಆಗ ಉಳಿಯುವ ಗುಂಪಿಗೆ ಇರುವ ಗುಣವೊಂದು ಚಿಕ್ಕದಾಗಿ ಹೇಳಲು ಸಿಗುತ್ತದೆಯೇ ಎಂದು ಪರೀಕ್ಷಿಸಬೇಕು. ಸಿಕ್ಕರೆ ಆ ಪದವನ್ನು ಬದಲಿಸಬೇಕು, ಇಲ್ಲವೇ ಪ್ರಶ್ನೆಯಲ್ಲೇ ‘ಹರಿಯುವ ದಿಕ್ಕಿನ ಆಧಾರದಲ್ಲಿ’ ಎಂಬ ಎರಡು ಮಾತು ಸೇರಿಸಬೇಕು. ಶರಾವತಿ, ನೇತ್ರಾವತಿಗಳ ನಡುವೆ ಹೇಮಾವತಿಯ ಬದಲು ಹಾರಂಗಿಯನ್ನು ಇಟ್ಟರೂ ಸಾಕು, ಹೆಸರಿನ ಆಮಿಷ ಹೋಗಿ ನದಿ ಮಾತ್ರ ಉಳಿಯುತ್ತದೆ.

ಉತ್ತರಿಸುವವರಿಗೆ ಬೇಕಾದ ಕ್ರಮವೂ ಇದರಿಂದಲೇ ಬರುತ್ತದೆ. ಮೊದಲು ಹೊಳೆದ ಉತ್ತರವನ್ನು ಗುರುತು ಮಾಡಿಕೊಳ್ಳಿ, ಆದರೆ ವೃತ್ತ ತುಂಬಬೇಡಿ. ಅದನ್ನು ತೆಗೆದ ಮೇಲೆ ಉಳಿದವುಗಳಲ್ಲಿ ಇರುವ ಗುಣ ಯಾವುದು ಎಂದು ಒಂದು ವಾಕ್ಯದಲ್ಲಿ ಹೇಳಿಕೊಳ್ಳಿ. ಆ ವಾಕ್ಯದಲ್ಲಿ ‘ಇಲ್ಲ’, ‘ಅಲ್ಲ’ ಬಂದರೆ, ಅಥವಾ ಆ ಗುಣ ಪಟ್ಟಿಯ ಹೊರಗೂ ಬೇಕಾದಷ್ಟು ಕಡೆ ಸಿಗುವಂಥದ್ದಾದರೆ, ಎದ್ದು ಕಂಡದ್ದನ್ನು ಗುಂಪಿನೊಳಗೆ ವಾಪಸ್ ಇಟ್ಟು ಮತ್ತೊಮ್ಮೆ ಹುಡುಕಿ.