ಹಬ್ಬ ಮುಗಿದ ಮೇಲೆ ಬಂದ ಗೊಂಬೆ

ಮಹಾಲಯ ಅಮಾವಾಸ್ಯೆ ಹತ್ತಿರ ಬಂತೆಂದರೆ ಚನ್ನಪಟ್ಟಣದ ಗೊಂಬೆ ಅಂಗಡಿಗಳಲ್ಲಿ ಪ್ಯಾಕಿಂಗ್ ಭರಾಟೆ. ಪಾಡ್ಯಕ್ಕೆ ಗೊಂಬೆ ಕೂರಿಸುವವರಿಗೆ ವಿಜಯದಶಮಿ ಕಳೆದ ಮೇಲೆ ಪಾರ್ಸೆಲ್ ತಲುಪಿದರೆ ಏನು ಬಂತು?

ಅಂಥದೊಂದು ಅಂಗಡಿಯನ್ನು ಊಹಿಸಿಕೊಳ್ಳಿ. ಎರಡು ದಿನದ ಸೇವೆಗೆಂದು ತಲಾ 180 ರೂಪಾಯಿ ತೆತ್ತು ಆರು ಪಾರ್ಸೆಲ್ ಕಳಿಸಿದರು. ಆರೂ ತಲುಪಿದ್ದು ಹನ್ನೆರಡನೆಯ ದಿನ. ನಾಲ್ವರು ಬೇಡವೆಂದರು. ವಾಪಸು ತಂದದ್ದಕ್ಕೂ ತಲಾ 180ರ ಬಿಲ್ ಬಂತು! ಉಳಿದಿಬ್ಬರು 300 ರೂಪಾಯಿ ಕಮ್ಮಿ ಮಾಡಿಸಿಕೊಂಡು ಇಟ್ಟುಕೊಂಡರು.

ಸಿಟ್ಟಿನಲ್ಲಿ ‘ಹಬ್ಬದ ವ್ಯಾಪಾರವೇ ಹೋಯಿತು, ಒಂದು ಲಕ್ಷ ಕೊಡಿ’ ಎಂದು ಇಮೇಲ್ ಬರೆಯಬಹುದು. ಅದು ನಿಲ್ಲುವುದು ಕಷ್ಟ. ಜರ್ಮನಿಗೆ ಕಳಿಸಿದ ದಾಖಲೆಗಳು ತಲುಪದೆ ಸೀಸನ್ ತಪ್ಪಿದ ಭಾರತಿ ನಿಟ್ಟಿಂಗ್ ಕಂಪನಿಗೂ ಹೀಗೇ ಆಯಿತು. ನಷ್ಟ ಲಕ್ಷಗಳಲ್ಲಿತ್ತು, ಆದರೆ ಸಹಿ ಹಾಕಿದ ರಸೀದಿಯಲ್ಲಿ ಹೊಣೆ 100 ಡಾಲರ್ ಎಂದಿದ್ದರಿಂದ 1996ರಲ್ಲಿ ಸುಪ್ರೀಂ ಕೋರ್ಟ್ ಅಷ್ಟನ್ನೇ ಎತ್ತಿಹಿಡಿಯಿತು. ಕೊರಿಯರ್‌ಗಳಿಗೂ ಅನ್ವಯಿಸುವ 2007ರ ರಸ್ತೆ ಸಾಗಣೆ ಕಾಯ್ದೆಯೂ ಇದೇ ಜಾಡಿನದು: ಇಂತಿಷ್ಟು ದಿನ ತಡವಾಗಬಹುದೆಂದು ಇಬ್ಬರೂ ಒಪ್ಪಿ ಬರೆದುಕೊಂಡಿದ್ದರೆ, ಆ ಅವಧಿಯೊಳಗಿನ ತಡಕ್ಕೆ ಪರಿಹಾರ ಸಾಗಣೆ ದರವನ್ನು ಮೀರದು. ಹಾಗಾಗಿ ಬರೆಯುವ ಮೊದಲು ರಸೀದಿಯ ಹಿಂಬದಿ ಓದಬೇಕು. ಕಣ್ಣಿಗೆ ಶಿಕ್ಷೆಯೇ, ಆದರೂ ಓದಬೇಕು.

ಗೊಂಬೆಗಳ ಬೆಲೆಯನ್ನೂ ಕೇಳಲಾಗದು. ನಾಲ್ಕು ಪೆಟ್ಟಿಗೆ ಅಂಗಡಿಗೇ ಮರಳಿವೆಯಲ್ಲ. ಹೀಗೆ ಸೋಸಿದ ಮೇಲೆ ಉಳಿಯುವ ಇಮೇಲ್ ಇಷ್ಟು:

‘ಮಾನ್ಯರೇ, ಲಗತ್ತಿಸಿದ ಪಟ್ಟಿಯ ಆರು ಪಾರ್ಸೆಲ್‌ಗಳನ್ನು ಎರಡು ದಿನದಲ್ಲಿ ತಲುಪಿಸುವುದಾಗಿ ಒಪ್ಪಿದ್ದಿರಿ. ಹನ್ನೆರಡನೆಯ ದಿನ ತಲುಪಿವೆ. ಸಾಗಣೆ ದರ 1,080 ರೂಪಾಯಿ, ವಾಪಸಾತಿಗೆ ಹಾಕಿದ 720 ರೂಪಾಯಿ, ಒಟ್ಟು 1,800 ರೂಪಾಯಿ ಹಿಂದಿರುಗಿಸಿ. ಗಿರಾಕಿಗಳಿಗೆ ಬಿಟ್ಟುಕೊಟ್ಟ 600 ರೂಪಾಯಿಯನ್ನೂ ಭರಿಸಬೇಕೆಂದು ಕೋರುತ್ತೇನೆ. ಹದಿನೈದು ದಿನದೊಳಗೆ ಲಿಖಿತ ಉತ್ತರ ಕೊಡಿ.’

‘ಹಿಂದಿರುಗಿಸಿ’, ‘ಕೋರುತ್ತೇನೆ’ ಎಂಬೆರಡು ಮಾತು ಬೇರೆಬೇರೆ ಇರುವುದು ಬೇಕೆಂದೇ. 600 ರೂಪಾಯಿಗೆ ಅವರು ಒಲ್ಲೆ ಎಂದರೂ 1,800ರ ಲೆಕ್ಕ ಕೆಡಬಾರದು.

ಪಟ್ಟಿಯಲ್ಲಿ ಪ್ರತಿ ಪಾರ್ಸೆಲ್‌ನ ಡಾಕೆಟ್ ನಂಬರ್, ಬುಕ್ ಮಾಡಿದ ದಿನ, ತಲುಪಬೇಕಿದ್ದ ದಿನ, ತಲುಪಿದ ದಿನ ಇರಬೇಕು. ಕೊರಿಯರ್‌ನವರ ಮಾಮೂಲಿ ಉತ್ತರ ‘ಮನೆಯಲ್ಲಿ ಯಾರೂ ಇರಲಿಲ್ಲ’. ಟ್ರ್ಯಾಕಿಂಗ್‌ನಲ್ಲಿ ಆ ಷರಾ ಯಾವ ಹೊತ್ತಿಗೆ ಬಿದ್ದಿದೆ ನೋಡಿ. ರಾತ್ರಿ ಹತ್ತೂವರೆಗೆ ಒಂದೇ ನಿಮಿಷದಲ್ಲಿ ಮೂರು ಬೇರೆ ಬಡಾವಣೆಗಳ ಪಾರ್ಸೆಲ್‌ಗೆ ಅದೇ ಷರಾ ಇದ್ದರೆ, ಹುಡುಗ ಯಾರ ಮನೆ ಬಾಗಿಲಿಗೂ ಹೋಗಿರಲಿಕ್ಕಿಲ್ಲ. ಗಿರಾಕಿಯ ಫೋನಿಗೆ ಅಂದು ಕರೆಯೇ ಬಂದಿಲ್ಲವೆಂಬ ಸ್ಕ್ರೀನ್‌ಶಾಟ್ ಜೊತೆಗಿದ್ದರೆ ಮತ್ತೂ ಗಟ್ಟಿ. ಟ್ರ್ಯಾಕಿಂಗ್ ಪುಟ ಮುಂದೆ ಕಾಣದೆ ಹೋಗಬಹುದು, ಅದರ ಚಿತ್ರವನ್ನು ಹಬ್ಬದ ವಾರದಲ್ಲೇ ತೆಗೆದಿಡಿ.