‘ಕೆಲಸ ಸರಿಯಿಲ್ಲ’ ಅನ್ನೋ ಪತ್ರ, ‘ಮನುಷ್ಯ ಸರಿಯಿಲ್ಲ’ ಅನ್ನೋ ಪತ್ರ

ಹೋದ ವಾರ ಬೈಲಹೊಂಗಲದಿಂದ ಒಬ್ಬ ಕೇಳುಗ ವಾಟ್ಸ್ಆ್ಯಪ್‌ನಲ್ಲಿ ಒಂದು ಪತ್ರದ ಫೋಟೋ ಕಳಿಸಿದ್ದ. ಅವನ ಹೆಸರು, ಅಂಗಡಿ ಹೆಸರು ಎರಡೂ ಹೇಳಂಗಿಲ್ಲ. ಬೀಜ, ಗೊಬ್ಬರ ಮಾರೋ ಅಂಗಡಿಯಲ್ಲಿ ಎರಡು ವರ್ಷ ಮೂರು ತಿಂಗಳು ಬಿಲ್ಲಿಂಗ್ ಮಾಡ್ತಿದ್ದ. ತಿಂಗಳಿಗೆ 15,000 ರೂಪಾಯಿ ಸಂಬಳ. ಪತ್ರದಲ್ಲಿ ಇದ್ದದ್ದು ಮೂರೇ ಸಾಲು:

“ನಿಮ್ಮ ಕೆಲಸ ಸಮರ್ಪಕವಾಗಿಲ್ಲ. ಸ್ಟಾಕ್ ವ್ಯತ್ಯಾಸದಲ್ಲಿ ನಿಮ್ಮ ಕೈವಾಡವಿದೆ. ನೀವು ನಂಬಿಕೆಗೆ ಅರ್ಹರಲ್ಲದ ಕಾರಣ ಇಂದಿನಿಂದ ಕೆಲಸದಿಂದ ತೆಗೆಯಲಾಗಿದೆ.”

ಕೆಳಗೆ ಅವನ ಪ್ರಶ್ನೆ: “ಅಣ್ಣಾ, ಈ ಪತ್ರ ಹಿಡ್ಕೊಂಡು ಸವದತ್ತಿಗೋ ರಾಮದುರ್ಗಕ್ಕೋ ಹೋದ್ರ ನನಗ ಯಾರ ಕೆಲ್ಸ ಕೊಡ್ತಾರ?”

ಇವತ್ತಿನ ಎಪಿಸೋಡ್ ಪೂರ್ತಿ ಈ ಮೂರು ಸಾಲಿನ ಮೇಲೆ. ಕೆಲಸ ಕಳ್ಕೊಂಡವರಿಗೂ ಇದು ಬೇಕು, ನಾಲ್ಕು ಜನರನ್ನ ಇಟ್ಕೊಂಡು ಅಂಗಡಿ ನಡೆಸೋರಿಗೂ ಬೇಕು.

ಮೊದಲನೇ ಸಾಲು ನೋಡ್ರಿ. “ಕೆಲಸ ಸಮರ್ಪಕವಾಗಿಲ್ಲ.” ಇದು ಕೆಲಸದ ಬಗ್ಗೆ. ಎರಡನೇ ಸಾಲಿಗೆ ಬಂದ್ರೆ ವಿಷಯನೇ ಬದಲಾಗುತ್ತೆ. “ಕೈವಾಡ” ಅಂದ್ರೆ ಬೇಕಂತಲೇ ಮಾಡಿದ ತಪ್ಪು. ಕೆಲಸ ಬರದೇ ಇರೋದು ಬೇರೆ, ಮೋಸ ಮಾಡೋದು ಬೇರೆ. ಕಾನೂನು ಇವೆರಡಕ್ಕೂ ಬೇರೆ ಬೇರೆ ದಾರಿ ಇಟ್ಟಿದೆ. ಮೋಸ ಅಂತ ಹೇಳೋದಾದ್ರೆ ಆರೋಪವನ್ನ ಬರವಣಿಗೆಯಲ್ಲಿ ಕೊಡಬೇಕು, ಉತ್ತರ ಕೊಡೋಕೆ ಸಮಯ ಕೊಡಬೇಕು, ವಿಚಾರಣೆ ನಡೆಸಬೇಕು, ಸಾಕ್ಷಿಯನ್ನ ಪ್ರಶ್ನೆ ಮಾಡೋಕೆ ಅವಕಾಶ ಕೊಡಬೇಕು. ಇದ್ಯಾವುದೂ ಇಲ್ಲದೆ ಪತ್ರದಲ್ಲಿ ಒಂದು ಸಾಲು ಸೇರಿಸಿದ್ರೆ ಅದು ವಿಚಾರಣೆ ಇಲ್ಲದ ಶಿಕ್ಷೆ ಆಗುತ್ತೆ. ಕೋರ್ಟ್ ಭಾಷೆಯಲ್ಲಿ ಇಂಥ ಪತ್ರ ಮನುಷ್ಯನ ಮೇಲೆ ‘ಕಳಂಕ’ ಹಚ್ಚುತ್ತೆ.

ಈಗ ಪ್ರೊಬೇಷನ್ ವಿಷಯ. ನಮ್ಮ ಕರ್ನಾಟಕದ್ದೇ ಒಂದು ಕೇಸ್ ಐತಿ. ಕೃಷ್ಣದೇವರಾಯ ಎಜುಕೇಷನ್ ಟ್ರಸ್ಟ್ ಪ್ರೊಬೇಷನ್‌ನಲ್ಲಿದ್ದ ಒಬ್ಬ ಅಧ್ಯಾಪಕರನ್ನ ತೆಗೆದಿತ್ತು. ಅವರು ಪ್ರಶ್ನೆ ಮಾಡಿದರು, ಕೇಸ್ 2001ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ತೀರ್ಮಾನ ಆಯ್ತು. ಕೋರ್ಟ್ ಹೇಳಿದ್ದರ ಸಾರ ಇಷ್ಟು: ಪ್ರೊಬೇಷನ್ ಇರೋದೇ ಕೆಲಸಕ್ಕೆ ಹೊಂದ್ತಾರಾ ಅಂತ ನೋಡೋಕೆ. ಹೊಂದದಿದ್ರೆ ತೆಗೆಯಬಹುದು. ಆದರೆ ಕಾರಣವನ್ನ ಆದೇಶದಲ್ಲೇ ಬರೆದ್ರೆ, ಇದು ಕಳಂಕ ಅನ್ನೋ ತಕರಾರು ಬರೋ ಅಪಾಯ ಇರುತ್ತೆ. ಹಾಗಾಗಿ ಸಾಮಾನ್ಯವಾಗಿ ಬರೆಯದೇ ಇರೋದು ಒಳ್ಳೇದು. ಮುಂದೆ ಯಾರಾದ್ರೂ ಪ್ರಶ್ನೆ ಮಾಡಿದಾಗ “ಕೆಲಸ ತೃಪ್ತಿಕರ ಇರಲಿಲ್ಲ” ಅಂತ ಉತ್ತರ ಕೊಟ್ಟರೆ, ಅಷ್ಟಕ್ಕೇ ಅದು ಶಿಕ್ಷೆ ಆಗಂಗಿಲ್ಲ.

ಇದರ ಉಲ್ಟಾ ಉದಾಹರಣೆ ಕಾಸರಗೋಡಿನದು. ಅಲ್ಲಿರೋ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಪ್ರೊಬೇಷನ್‌ನಲ್ಲಿದ್ದ ಒಬ್ಬ ಪ್ರಾಧ್ಯಾಪಕರನ್ನ ತೆಗೆಯುವಾಗ, ಅವರ ಮೇಲಿನ ಲೈಂಗಿಕ ಕಿರುಕುಳದ ದೂರು ಮತ್ತು ಅದರ ವರದಿಯನ್ನ ಆದೇಶದಲ್ಲೇ ಪ್ರಸ್ತಾಪ ಮಾಡಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡ್ತು. ದೂರು ಸುಳ್ಳು ಅಂತ ಕೋರ್ಟ್ ಹೇಳಲಿಲ್ಲ. ನಿಯಮದ ಪ್ರಕಾರ ಪೂರ್ತಿ ವಿಚಾರಣೆ ಮಾಡಿ, ಆಮೇಲೆ ಕ್ರಮ ತಗೊಳ್ರಿ ಅನ್ನೋದು ಅದರ ಅರ್ಥ. ನೋಡ್ರಿ, ದೂರು ಎಷ್ಟೇ ಗಂಭೀರ ಇದ್ರೂ ಅಡ್ಡದಾರಿಯ ಪತ್ರ ನಿಲ್ಲಲಿಲ್ಲ. ದೂರು ಕೊಟ್ಟವರಿಗೂ ಅದರಿಂದ ಕಾಯೋದೇ ಆಯ್ತು.

“ಹಂಗಾದ್ರ ಕಾರಣ ಬರೀಬಾರದು, ಮುಗೀತಲ್ಲ?” ಅಂತ ಕೇಳ್ತೀರಿ. ಇಲ್ಲಿ ಬಹಳ ಜನ ಎಡವೋದು. ಬರೆಯದೇ ಇರೋ ಸಲಹೆ ಪ್ರೊಬೇಷನ್‌ಗೆ. ನಮ್ಮ ಹುಡುಗ ಪ್ರೊಬೇಷನ್ ದಾಟಿ ಎರಡು ವರ್ಷ ಆಗಿದೆ. ಅವನಿಗೆ ನಿಯಮ ತಿರುಗಿ ನಿಲ್ಲುತ್ತೆ.

ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಅದರ 39ನೇ ಸೆಕ್ಷನ್ ಪ್ರಕಾರ, ಸತತ ಆರು ತಿಂಗಳು ಕೆಲಸ ಮಾಡಿದವರನ್ನ ನ್ಯಾಯಯುತ ಕಾರಣ ಇಲ್ಲದೆ ತೆಗೆಯಂಗಿಲ್ಲ. ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡಬೇಕು. ವಿಚಾರಣೆ ನಡೆಸಿ ದುರ್ನಡತೆ ಸಾಬೀತಾದ್ರೆ ಮಾತ್ರ ನೋಟಿಸ್ ಬೇಕಿಲ್ಲ.

ಇನ್ನೊಂದು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ನಿಯಮ. ಮೊದಲು ಇದು ಕೈಗಾರಿಕಾ ವಿವಾದಗಳ ಕಾಯ್ದೆ, 1947ರ 25ಎಫ್ ಸೆಕ್ಷನ್‌ನಲ್ಲಿ ಇತ್ತು. ಬಿಲ್ಲಿಂಗ್‌ನಂಥ ಗುಮಾಸ್ತಿಕೆ ಕೆಲಸ ಇದರ ಒಳಗೆ ಬರುತ್ತೆ. ಒಂದು ವರ್ಷದ ನಿರಂತರ ಸೇವೆ, ಅಂದ್ರೆ ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಆಗಿದ್ರೆ, ಒಂದು ತಿಂಗಳ ನೋಟಿಸ್ ಬರವಣಿಗೆಯಲ್ಲೇ ಕೊಡಬೇಕು, ಅದರಲ್ಲಿ ಕಾರಣ ಬರೆಯಲೇಬೇಕು. ಜೊತೆಗೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರ.

ಈಗ ಅಂಗಡಿಯವರ ಜಾಗದಲ್ಲಿ ನಿಂತು ಪತ್ರ ಮತ್ತೆ ಬರೆಯೋಣ. ಮೊದಲ ಕೆಲಸ ಪತ್ರ ಬರೆಯೋದಲ್ಲ, ಅದಕ್ಕೂ ಮೊದಲಿನ ಕಾಗದ ಮಾಡೋದು. ಯಾವ ದಿನ ಬಿಲ್ ನಮೂದಾಗಲಿಲ್ಲ, ಯಾವ ತಿಂಗಳು ಸ್ಟಾಕ್ ರಿಜಿಸ್ಟರ್ ತಡ ಆಯ್ತು, ಯಾವಾಗ ತಿಳಿಸಿ ಹೇಳಿದ್ರಿ, ಸುಧಾರಿಸೋಕೆ ಎಷ್ಟು ಸಮಯ ಕೊಟ್ಟಿರಿ, ಇವೆಲ್ಲಾ ತಾರೀಖು ಹಾಕಿ ಇರಬೇಕು, ಹುಡುಗನ ಸಹಿಯೂ ಇರಬೇಕು. ಎರಡು ವರ್ಷ ಏನೂ ಹೇಳದೆ, ಜಗಳ ಆದ ಮರುದಿನ “ಕೆಲಸ ಸರಿಯಿಲ್ಲ” ಅಂದ್ರೆ ಯಾರೂ ನಂಬಂಗಿಲ್ಲ.

ಅದಾದ ಮೇಲೆ ಪತ್ರ ಹೀಗಿರಬಹುದು: “ಬಿಲ್ ನಮೂದು ಮತ್ತು ಸ್ಟಾಕ್ ರಿಜಿಸ್ಟರ್ ಕೆಲಸ ನಿಗದಿತ ಸಮಯಕ್ಕೆ ಆಗುತ್ತಿಲ್ಲವೆಂದು ನಿಮಗೆ ಎರಡು ಬಾರಿ ಲಿಖಿತವಾಗಿ ತಿಳಿಸಲಾಗಿತ್ತು. ಕೊಟ್ಟ ಅವಧಿಯಲ್ಲಿ ಸುಧಾರಣೆ ಕಾಣದ ಕಾರಣ ನಿಮ್ಮ ಸೇವೆಯನ್ನು ಕೊನೆಗೊಳಿಸಲಾಗಿದೆ. ನೋಟಿಸ್ ಬದಲಿಗೆ ಒಂದು ತಿಂಗಳ ವೇತನ ಹಾಗೂ ಪರಿಹಾರವನ್ನು ಇದರೊಂದಿಗೆ ಪಾವತಿಸಲಾಗಿದೆ.” ಎಷ್ಟು ಒಣ ಒಣ ಅನ್ಸುತ್ತೆ ಅಲ್ವಾ? ಹಂಗೇ ಇರಬೇಕು. ಸೋಮಾರಿ, ಅಪ್ರಾಮಾಣಿಕ, ನಂಬಿಕೆಗೆ ಅರ್ಹನಲ್ಲ ಅನ್ನೋ ಒಂದು ಪದನೂ ಇಲ್ಲ.

ಲೆಕ್ಕ ಸರಳ. ನೋಟಿಸ್ ಬದಲು ಒಂದು ತಿಂಗಳು, 15,000. ಎರಡು ಪೂರ್ಣ ವರ್ಷಕ್ಕೆ ತಲಾ ಅರ್ಧ ತಿಂಗಳು, ಅಂದ್ರೆ 7,500ರಂತೆ ಇನ್ನೊಂದು 15,000. ಉಳಿದ ಮೂರು ತಿಂಗಳು ಆರು ತಿಂಗಳಿಗಿಂತ ಕಡಿಮೆ, ಹಾಗಾಗಿ ಲೆಕ್ಕಕ್ಕೆ ಬರಲ್ಲ. ಒಟ್ಟು 30,000, ಬಾಕಿ ಸಂಬಳ ಬೇರೆ. ಇದನ್ನ ಆಮೇಲೆ ನೋಡೋಣ ಅನ್ನಂಗಿಲ್ಲ, ತೆಗೆಯುವಾಗಲೇ ಕೊಡಬೇಕು.

ಒಂದು ಎಚ್ಚರಿಕೆ. ಪತ್ರ ಸ್ವಚ್ಛ ಬರೆದ್ರೆ ಎಲ್ಲಾ ಸರಿ ಹೋಯ್ತು ಅಂತಲ್ಲ. ನಿಜವಾದ ಕಾರಣ ಕಳ್ಳತನದ ಅನುಮಾನ ಆಗಿದ್ದು, ಮೇಲೆ “ಕೆಲಸ ಸರಿಯಿಲ್ಲ” ಅಂತ ಮುಸುಕು ಹಾಕಿದ್ರೆ, ಕೋರ್ಟ್ ಆ ಮುಸುಕು ಎತ್ತಿ ನೋಡುತ್ತೆ. ಪತ್ರಕ್ಕೆ ಲಗತ್ತಿಸಿದ, ಪತ್ರದಲ್ಲಿ ಹೆಸರಿಸಿದ ಕಾಗದಗಳಲ್ಲಿ ಕಳಂಕದ ಮಾತಿದ್ರೂ ಅದು ಪತ್ರದ್ದೇ ಮಾತು ಅಂತ 1999ರ ದೀಪ್ತಿ ಪ್ರಕಾಶ್ ಬ್ಯಾನರ್ಜಿ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅನುಮಾನ ನಿಜವಾಗಿಯೂ ಇದ್ರೆ ವಿಚಾರಣೆ ಮಾಡ್ರಿ. ಬೇರೆ ದಾರಿ ಇಲ್ಲ.

ಇನ್ನ ಬೈಲಹೊಂಗಲದ ತಮ್ಮನಿಗೆ. ಪತ್ರದ ಮೂಲ ಪ್ರತಿ ಜೋಪಾನ ಇಡಪ್ಪಾ. ಅಪಾಯಿಂಟ್‌ಮೆಂಟ್ ಲೆಟರ್ ಇಲ್ಲದಿದ್ರೂ ಸಂಬಳ ಬಂದ ಬ್ಯಾಂಕ್ ಎಂಟ್ರಿ, ಫೋನ್‌ಪೇ ಮೆಸೇಜ್, ಹಾಜರಿ ಫೋಟೋ ಎಲ್ಲಾ ಒಂದು ಕಡೆ ಸೇರಿಸು. 240 ದಿನ ಕೆಲಸ ಮಾಡಿದ್ದೀಯಾ ಅಂತ ನೀನೇ ತೋರಿಸಬೇಕಾಗುತ್ತೆ. “ಎಲ್ಲಾ ಲೆಕ್ಕ ಚುಕ್ತಾ” ಅನ್ನೋ ಕಾಗದಕ್ಕೆ ಓದದೆ ಸಹಿ ಹಾಕಬೇಡ. ಆಮೇಲೆ ತಡ ಮಾಡದೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗು. ಕೇಳೋದು ಎರಡೇ: ಬರಬೇಕಾದ ದುಡ್ಡು, ಮತ್ತೆ ಆ ಎರಡು ಸಾಲು ತೆಗೆದ ಹೊಸ ಪತ್ರ. ಸವದತ್ತಿಯಲ್ಲಿ ಕೆಲಸ ಕೇಳೋಕೆ ಹೋದಾಗ ಆ ಎರಡನೇದೇ ನಿನಗೆ ಹೆಚ್ಚು ಬೇಕಾಗೋದು.